ಕರಿಬೇವಿನ ನೆರಳಲ್ಲಿ ಟೊಮೇಟೊ ಕುಂಡ

ಬಿಸಿಲಿನ ತಾರಸಿಯಲ್ಲಿ ಕರಿಬೇವು, ಟೊಮೇಟೊ ಎರಡನ್ನೂ ಅಕ್ಕಪಕ್ಕ ಇಡಬೇಡಿ, ನೀರಿನ ಲೆಕ್ಕ ಹೊಂದುವುದಿಲ್ಲ ಎಂದು ಹೇಳಿದವರೇ ಹೆಚ್ಚು. ಮಾತು ಅರ್ಧ ನಿಜ. ಎರಡಕ್ಕೂ ಒಂದೇ ಹೊತ್ತಿಗೆ ಒಂದೇ ಅಳತೆಯಲ್ಲಿ ನೀರು ಹಾಯಿಸಿದರೆ ಎರಡೂ ಕೆಡುತ್ತವೆ. ಆದರೆ ಅಕ್ಕಪಕ್ಕ ಇಟ್ಟೇ ನಾನು ಸತತ ಮೂರು ಬೆಳೆ ಟೊಮೇಟೊ ತೆಗೆದಿದ್ದೇನೆ.

ಮೊದಲು ಕೆಟ್ಟದ್ದನ್ನು ಹೇಳುತ್ತೇನೆ. ಕಪ್ಪು ಪ್ಲಾಸ್ಟಿಕ್ಕಿನ ಹನ್ನೆರಡು ಲೀಟರ್ ಕುಂಡಗಳು. ಗಿಡ ಸೊಗಸಾಗಿ ಬಂತು, ಕಾಯಿ ನಿಂಬೆಯಷ್ಟಾಗುತ್ತಲೇ ತಳ ಕಂದಾಗಿ, ಆಮೇಲೆ ಚರ್ಮದಂತೆ ಕಪ್ಪಾಯಿತು. ಕ್ಯಾಲ್ಸಿಯಂ ಕೊರತೆ ಅಂತ ಸ್ಪ್ರೇ ತಂದೆ, ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿದೆ, ಯಾರೋ ಹೇಳಿದರೆಂದು ಎಪ್ಸಮ್ ಉಪ್ಪನ್ನೂ ಸುರಿದೆ. ಹಾಕಿದ ದುಡ್ಡೆಲ್ಲ ನೀರುಪಾಲು. ಚಿಪ್ಪು ಕರಗುವಷ್ಟರಲ್ಲಿ ಬೆಳೆಯೇ ಮುಗಿದಿರುತ್ತದೆ. ಎಪ್ಸಮ್ ಉಪ್ಪಿನ ಮೆಗ್ನೀಸಿಯಂ ಬೇರಿನ ಹತ್ತಿರ ಕ್ಯಾಲ್ಸಿಯಂಗೇ ಪೈಪೋಟಿ ಕೊಡುತ್ತದೆ, ಹಾಗಾಗಿ ಇದ್ದದ್ದೂ ಹಾಳು.

ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿತ್ತು. ಅದು ನೀರಿನ ಜೊತೆಗೇ ಮೇಲೇರುತ್ತದೆ, ನೀರು ಹೆಚ್ಚು ಹೋಗುವುದು ಎಲೆಗೆ, ಕಾಯಿಗೆ ಬರುವುದು ಉಳಿದ ಚೂರು. ಮಧ್ಯಾಹ್ನ ಕುಂಡ ಒಣಗಿದರೆ ಆ ಚೂರೂ ನಿಂತುಹೋಗುತ್ತದೆ. ಸತ್ತ ಗಿಡವನ್ನು ಕುಂಡದಿಂದ ಬೋರಲು ಹಾಕಿ ನೋಡಿದಾಗ ಪಡುವಣ ಬದಿಯ ಬೇರೆಲ್ಲ ಕಂದು ಬಣ್ಣಕ್ಕೆ ತಿರುಗಿ ಬೆಂದಿದ್ದವು, ಮೂಡಣ ಬದಿಯವು ಬೆಳ್ಳಗೆ ಇದ್ದವು. ಕಾರಣ ಅಲ್ಲೇ ಸಿಕ್ಕಿತು, ಮಧ್ಯಾಹ್ನದ ಮೇಲಿನ ಬಿಸಿಲಿಗೆ ಕಪ್ಪು ಕುಂಡ ಕಾದು ಬೇರು ಬೇಯುತ್ತಿತ್ತು.

ಈಗಿನ ಜೋಡಣೆ ಹೀಗಿದೆ. ಸುಮಾರು ಮೂವತ್ತೈದು ಲೀಟರ್ ಕುಂಡದಲ್ಲಿ ನಾಲ್ಕಡಿ ಎತ್ತರದ ಪೊದೆಯಾದ ಕರಿಬೇವು ಪಡುವಣಕ್ಕೆ. ಅದಕ್ಕೆ ಮೂಡಣದಲ್ಲಿ, ಒಂದು ಗೇಣು ಬಿಟ್ಟು, ಇಪ್ಪತ್ತು ಲೀಟರಿನ ಬಿಳಿ ಬಕೆಟ್ಟಿನಲ್ಲಿ ಟೊಮೇಟೊ. ಬೆಳಗಿನಿಂದ ಆರು ತಾಸು ಪೂರ್ತಿ ಬಿಸಿಲು ಸಿಗುತ್ತದೆ, ಎರಡು ಗಂಟೆಯ ಹೊತ್ತಿಗೆ ಕರಿಬೇವಿನ ನೆರಳು ಬಕೆಟ್ಟಿನ ಮೇಲೆ ಬೀಳುತ್ತದೆ. ಗಿಡದ ತುದಿಗೆ ಬಿಸಿಲಿದ್ದರೂ ಬೇರಿಗೆ ತಂಪು. ಸೂರ್ಯನ ದಾರಿ ತಿಂಗಳಿಗೊಂದಿಷ್ಟು ಸರಿಯುತ್ತದೆ, ಬಕೆಟ್ಟನ್ನೂ ಹಾಗೇ ಸರಿಸಬೇಕು. ಪಡುವಣದ ಬಿಸಿಲೆಲ್ಲ ಈಗ ಕರಿಬೇವಿನ ಕುಂಡಕ್ಕೆ ಬೀಳುವುದರಿಂದ ಅದಕ್ಕೆ ಗೋಣಿಚೀಲವನ್ನು ಎರಡು ಮಡಿಕೆಯಾಗಿ ಸುತ್ತಿದ್ದೇನೆ, ಅಡಿಗೆ ಇಟ್ಟಿಗೆ. ಈ ಎರಡನ್ನೂ ಬಿಡಬೇಡಿ.

ಟೊಮೇಟೊಗೆ ಬೆಳಿಗ್ಗೆ ಸುಮಾರು ಎರಡು ಲೀಟರ್ ನೀರು, ಕಾಯಿ ತುಂಬಿರುವಾಗ ಸಂಜೆ ಇನ್ನೊಂದು, ಮೇಲೆ ಎರಡಂಗುಲ ಒಣ ಎಲೆ. ಕರಿಬೇವಿಗೆ ಬೆರಳು ಎರಡಂಗುಲ ಇಳಿಸಿ ಒಣಗಿದ್ದರೆ ಮಾತ್ರ, ಅಂದಾಜು ಮೂರು ದಿನಕ್ಕೊಮ್ಮೆ, ಆದರೆ ತಳದ ತೂತಿನಿಂದ ಹರಿಯುವಷ್ಟು. ಟೊಮೇಟೊ ಮಿಶ್ರಣಕ್ಕೆ ಎರೆಗೊಬ್ಬರ, ಕೋಕೋಪೀಟಿನ ಜೊತೆ ಇನ್ನೊಂದು ಹಿಡಿ ಏನೋ ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನೆರಳು ಕೊಡಬೇಕಾದರೆ ಕರಿಬೇವು ದಟ್ಟವಾಗಬೇಕು. ಎಲೆಯೊಂದೊಂದೇ ಕಿತ್ತರೆ ಕಡ್ಡಿಯಂತೆ ಏರುತ್ತದೆ. ಬೇಕಾದಾಗ ಕುಡಿಯನ್ನೇ, ಎಲೆಯ ಬುಡದ ಸ್ವಲ್ಪ ಮೇಲಕ್ಕೆ ಕತ್ತರಿಸಿದರೆ ಎರಡು ಮೂರು ಕವಲು ಒಡೆಯುತ್ತವೆ. ಹೂವಿನ ಗೊಂಚಲು ಕಂಡರೆ ತೆಗೆದುಬಿಡಿ.

ಒಮ್ಮೆ ಕರಿಬೇವಿನ ಹೊಸ ಚಿಗುರು ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯಿತು. ಗಡಸು ನೀರಿನಿಂದ ಮಣ್ಣು ಕ್ಷಾರವಾಗಿ ಕಬ್ಬಿಣ ಬೇರಿಗೆ ದಕ್ಕದಿದ್ದಾಗ ಹೀಗಾಗುತ್ತದೆ. (ಹಳೆಯ, ಕೆಳಗಿನ ಎಲೆ ಹಳದಿಯಾದರೆ ಅದು ಬೇರೆ ಕಥೆ, ಮೊದಲು ಮಣ್ಣಿನ ತೇವ ನೋಡಿ.) ಎರಡು ಕುಂಡ ಇದ್ದವು, ಪರೀಕ್ಷೆಗೆ ಒಂದಕ್ಕೆ ತುಕ್ಕು ಹಿಡಿದ ಮೊಳೆ ಹೂತೆ, ಇನ್ನೊಂದಕ್ಕೆ ಕ್ಷಾರದ ಮಣ್ಣಿನಲ್ಲೂ ಬೇರಿಗೆ ದಕ್ಕುವ ಇಡಿಡಿಎಚ್‌ಎ ಕೀಲೇಟ್ ಕಬ್ಬಿಣ ಲೀಟರಿಗೆ ಒಂದು ಗ್ರಾಂ ಕರಗಿಸಿ ಬುಡಕ್ಕೆ ಸುರಿದೆ. ತುಕ್ಕು ಇಂಥ ಮಣ್ಣಿನಲ್ಲಿ ಕರಗುವುದೇ ಇಲ್ಲ, ಮೊಳೆಯ ಕುಂಡ ಹಳದಿಯಾಗಿಯೇ ಉಳಿಯಿತು. ಇನ್ನೊಂದರಲ್ಲಿ ಮೂರು ವಾರಕ್ಕೆ ಹಸಿರು ಚಿಗುರು. ಕೊಳ್ಳುವಾಗ ಇಡಿಟಿಎ ಎಂದಿರುವುದನ್ನು ಬಿಡಿ, ಅಗ್ಗ, ಆದರೆ ಕ್ಷಾರದ ಮಣ್ಣಿನಲ್ಲಿ ನಿಲ್ಲುವುದಿಲ್ಲ.

ಈ ನೆರಳಿನ ಉಪಾಯಕ್ಕೂ ಮಿತಿಯಿದೆ. ರಾತ್ರಿಯ ತಾಪ ಇಪ್ಪತ್ನಾಲ್ಕು ಡಿಗ್ರಿಯ ಮೇಲೇ ಇದ್ದರೆ ಟೊಮೇಟೊ ಕಾಯಿ ಕಟ್ಟುವುದು ಕಷ್ಟ. ಹೂವಿನ ತೊಟ್ಟಿನ ಗಂಟು ಹಳದಿಯಾಗಿ, ಮುಟ್ಟಿದರೆ ಉದುರುತ್ತದೆ. ಆಗ ಗೊಬ್ಬರ ಹೆಚ್ಚಿಸಿದರೆ ಬರೀ ಎಲೆ. ನಾನು ಆ ದಿನಗಳಲ್ಲಿ ಬಕೆಟ್ ಖಾಲಿ ಮಾಡಿ, ಮಣ್ಣನ್ನು ತಾರಸಿಯ ಮೇಲೆ ಹರವಿ ಬಿಸಿಲಿಗೆ ಹಾಕಿಬಿಡುತ್ತೇನೆ.