ಆಡು-ಹುಲಿ ಆಟ: ಆಡು ಕಳೆದುಕೊಳ್ಳದೆ ಹುಲಿ ಕಟ್ಟುವುದು

ನಾನು ಆಡುವುದು ಮೂರು ಹುಲಿ, ಹದಿನೈದು ಆಡಿನ ಮಣೆಯಲ್ಲಿ. ತುದಿಯ ಒಂದು ಮನೆಯಿಂದ ನಾಲ್ಕು ಗೆರೆ ಕೆಳಗಿಳಿಯುತ್ತವೆ. ಅವನ್ನು ಮೂರು ಅಡ್ಡಗೆರೆ ದಾಟಿ, ಎರಡೂ ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಚಾಚಿದ ಕೊನೆಗಳನ್ನು ಎರಡೂ ಪಕ್ಕದಲ್ಲಿ ಒಂದೊಂದು ಗೆರೆ ಸೇರಿಸುತ್ತದೆ, ಇಳಿಗೆರೆಗಳ ಬುಡವನ್ನು ಇನ್ನೊಂದು. ಹೀಗೆ ಸಾಲಿಗೆ ಆರರಂತೆ ಮೂರು ಸಾಲು, ಬುಡದಲ್ಲಿ ನಾಲ್ಕು, ತುದಿ ಸೇರಿ 23 ಮನೆ. ಹದಿನೈದೂ ಆಡು ಇಟ್ಟು ಮುಗಿಯುವವರೆಗೆ ಯಾವ ಆಡನ್ನೂ ನಡೆಸುವಂತಿಲ್ಲ.

ಹುಲಿ ಆಡನ್ನು ಹೊಡೆಯಬೇಕಾದರೆ ಅದೇ ಗೆರೆಯಲ್ಲಿ ಆಡಿನ ಆಚೆಗಿನ ಮನೆ ಖಾಲಿ ಇರಬೇಕು. ಹಾಗಾಗಿ ಆಡು ಇಡುವ ಮೊದಲು ನಾನು ನೋಡುವುದು ಒಂದೇ: ಆ ಮನೆಯ ಮೇಲೆ ಹಾಯುವ ಪ್ರತಿ ಗೆರೆಯಲ್ಲೂ ಒಂದು ಪಕ್ಕವಾದರೂ ನನ್ನ ಆಡಿನಿಂದ ಮುಚ್ಚಿದೆಯೇ? ಗೆರೆ ಅಲ್ಲಿಗೇ ಮುಗಿದಿದ್ದರೆ ಮುಚ್ಚುವ ಮಾತೇ ಇಲ್ಲ. ಪಕ್ಕದ ಚಾಚಿನ ನಾಲ್ಕು ಮೂಲೆಗಳು, ಬುಡದ ಎರಡು ಮೂಲೆಗಳು ಇಂಥವು. ಅಲ್ಲಿ ಕೂತ ಆಡನ್ನು ಯಾವ ಹುಲಿಯೂ ಹೊಡೆಯಲಾರದು. ನನ್ನ ಮೊದಲ ಆಡುಗಳು ಅಲ್ಲಿಗೇ.

ಮೂಲೆ ಹಿಡಿದ ಮೇಲೆ ನಡುವಿನವು ತಾವಾಗಿ ಭದ್ರವಾಗುತ್ತವೆ. ಪಕ್ಕದ ಗೆರೆಯ ನಡುಮನೆಗೆ ಮೂಲೆಯ ಆಡೇ ಕಾವಲು. ಬುಡದ ಒಳಮನೆಗಳಿಗೂ ಹಾಗೆಯೇ. ಹತ್ತು ಆಡು ಹೀಗೆ ಕೂತರೆ ಮೂರನೇ ಸಾಲಿನ ನಾಲ್ಕು ಮನೆಗಳನ್ನು ಪಕ್ಕದಿಂದ ಒಳಕ್ಕೆ ತುಂಬುತ್ತೇನೆ. ಹದಿನೈದನೆಯದು ಎರಡನೇ ಸಾಲಿನಲ್ಲಿ ಎಡಪಕ್ಕದ ಆಡಿಗೆ ಅಂಟಿದ ಮನೆಗೆ. ಹುಲಿಗಳು ಮೇಲೆಯೇ ಸುತ್ತಾಡುತ್ತಿದ್ದರೆ ಈಗ ಅವಕ್ಕೆ ಉಳಿದದ್ದು ಎಂಟೇ ಮನೆ, ಅದರಲ್ಲಿ ಐದು ಖಾಲಿ. ಒಂದು ಆಡೂ ಹೋಗಿಲ್ಲ.

ಹುಲಿಯೊಂದು ಬುಡದ ಮೂಲೆಗೆ ಇಳಿದು ಕೂತರೆ ನನಗೆ ಇನ್ನೂ ಒಳ್ಳೆಯದು. ಅದನ್ನು ಕಟ್ಟಲು ನಾಲ್ಕೇ ಆಡು ಸಾಕು, ಎರಡು ಗೆರೆಗೆ ಎರಡೆರಡು. ಆದರೆ ಹಿಂದಿನ ಮನೆ ಮೊದಲು, ಹುಲಿಯ ಮುಖಕ್ಕಿರುವ ಮನೆ ಆಮೇಲೆ. ತಿರುಗುಮುರುಗಾದರೆ ಆಡು ಹೋಯಿತೆಂದೇ ಲೆಕ್ಕ.

ಕಷ್ಟ ಶುರುವಾಗುವುದು ಆಡು ನಡೆಸಬೇಕಾದಾಗ. ಒಂದು ಆಡು ಮುಂದೆ ಹೋದರೆ ಅದರ ಬೆನ್ನು ಖಾಲಿಯಾಗುತ್ತದೆ. ಎಡದಿಂದ ಎರಡನೇ ಇಳಿಗೆರೆಯಲ್ಲಿ ಮೂರನೇ ಸಾಲಿನ ಆಡನ್ನು ಎರಡನೇ ಸಾಲಿಗೆ ಏರಿಸಬೇಕು ಎನ್ನಿ. ಅದೇ ಗೆರೆಯ ಮೊದಲ ಸಾಲಿನಲ್ಲಿ ಹುಲಿ ಇದ್ದರೆ ಏರಿಸುವುದಿಲ್ಲ, ತಕ್ಷಣ ಹಾರುತ್ತದೆ. ಇಲ್ಲದಿದ್ದರೆ ಧೈರ್ಯವಾಗಿ ಏರಿಸುತ್ತೇನೆ. ಹುಲಿ ಅಲ್ಲಿಗೆ ಬರಲು ಅದಕ್ಕೊಂದು ನಡೆ ಬೇಕು. ಅಷ್ಟರಲ್ಲಿ ಬುಡದ ಆಡು ಮೇಲೇರಿ ಖಾಲಿ ಬೆನ್ನನ್ನು ತುಂಬುತ್ತದೆ. ಬುಡದ ನಾಲ್ಕು ಆಡುಗಳನ್ನು ನಾನು ಕೊನೆಯವರೆಗೂ ಕಾಯ್ದಿಡುವುದು ಇದಕ್ಕಾಗಿಯೇ.

ಕಡೆಗೆ ಹುಲಿಗಳು ತುದಿಯಲ್ಲೊಂದು, ಅದರ ಕೆಳಗೆ ನಡುವಿನ ಎರಡು ಮನೆಗಳಲ್ಲಿ ಎರಡು ಸಿಕ್ಕಿಬಿದ್ದರೆ, ಕಟ್ಟಲು ಬೇಕಾದದ್ದು ಹತ್ತು ಆಡು: ಮೊದಲ ಸಾಲಿನ ಉಳಿದ ನಾಲ್ಕು ಮನೆ, ಎರಡನೇ ಸಾಲಿನಲ್ಲಿ ಇಳಿಗೆರೆಗಳ ನಾಲ್ಕು, ಮೂರನೆಯದರಲ್ಲಿ ನಡುವಿನ ಎರಡು. ಐದು ಆಡು ಹೋಗಿದ್ದರೂ ಇದು ಆಗುತ್ತದೆ, ಆರು ಹೋದರೆ ಇಲ್ಲಿ ಆಗದು. ಆಗ ಹುಲಿಗಳನ್ನು ಒಂದೊಂದಾಗಿ ಮೂಲೆಗೆ ಎಳೆಯುವುದೊಂದೇ ದಾರಿ, ಆದರೆ ಆಟ ಬಲ್ಲ ಎದುರಾಳಿ ಮೂಲೆಗೆ ಬರುವುದಿಲ್ಲ.