ಬ್ಯಾಂಕಿಗೆ ಕಳುಹಿಸುವ ಸ್ಟಾಕ್ ಸ್ಟೇಟ್‌ಮೆಂಟ್: ಫೈಲಿನ ಹೆಸರನ್ನು ಹತೋಟಿಗೆ ತಂದ ನನ್ನ ಅನುಭವ

ಈ ಸಲ ಆಡಿಟರ್ ಕಚೇರಿಯ ಹುಡುಗ ಬಂದು ಹನ್ನೆರಡು ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೇಳಿದ. ಅವನಿಗೆ ತರಿಸಿದ ಕಾಫಿ ಆರುವ ಮೊದಲೇ ಎಲ್ಲವೂ ಅವನ ಪೆನ್‌ಡ್ರೈವ್‌ನಲ್ಲಿದ್ದವು. ಹಿಂದೆ ಇದೇ ಕೆಲಸಕ್ಕೆ ನಾನು ಎರಡು ದಿನ ಹುಡುಕಾಡಿದ್ದೇನೆ. "ಹೆಸರು ಬದಲಾಯಿಸಿದರೆ ಏನು ಬಂತು, ಒಂದು ಸಾಫ್ಟ್‌ವೇರ್ ಕೊಳ್ಳಿ" ಎಂದವರೇ ಈಗ ನನ್ನ ಪದ್ಧತಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ. ಕ್ಯಾಶ್ ಕ್ರೆಡಿಟ್ ಮಿತಿ 80 ಲಕ್ಷ. ಪ್ರತಿ ತಿಂಗಳು 10ನೇ ತಾರೀಕಿನೊಳಗೆ ಹಿಂದಿನ ತಿಂಗಳ ಸ್ಟೇಟ್‌ಮೆಂಟ್ ಬ್ಯಾಂಕಿಗೆ ಹೋಗಬೇಕು. 2022ರ ಆಗಸ್ಟ್ ತಿಂಗಳದ್ದನ್ನು ಕಳುಹಿಸುವಾಗ ಫೋಲ್ಡರಿನಲ್ಲಿ `Stock Aug final`, `Stock Aug final 2`, `Stock Aug final NEW` ಎಂಬ ಮೂರು ಫೈಲುಗಳಿದ್ದವು. ಯಜಮಾನರು ಒಪ್ಪಿದ್ದು ಮೂರನೆಯದನ್ನು. ನಾನು ಕಳುಹಿಸಿದ್ದು ಎರಡನೆಯದನ್ನು, ಏಕೆಂದರೆ ಅದರ ಮೇಲಿದ್ದ ತಾರೀಕೇ ಎಲ್ಲಕ್ಕಿಂತ ಹೊಸದಾಗಿತ್ತು.

ಅದರಲ್ಲಿ ಎರಡನೇ ಶೆಡ್ಡಿನ ಸರಕು ಸೇರಿರಲಿಲ್ಲ. ಸ್ಟಾಕ್ ಸುಮಾರು 62 ಲಕ್ಷ ಇರಬೇಕಾದಲ್ಲಿ 46 ಎಂದಿತ್ತು. ನಮಗೆ ಸ್ಟಾಕಿನಲ್ಲಿ ಮಾಲು ಕೊಟ್ಟವರಿಗೆ ನಾವು ಕೊಡಬೇಕಾದ 18 ಲಕ್ಷ ಕಳೆದು ಉಳಿದದ್ದರ ಮುಕ್ಕಾಲು ಭಾಗ, ತೊಂಬತ್ತು ದಿನದೊಳಗಿನ ವಸೂಲಿ ಬಾಕಿಯಲ್ಲಿ ನೂರಕ್ಕೆ ಅರವತ್ತು ಸಿಗುತ್ತದೆ. ಆ ವಸೂಲಿ ಬಾಕಿ 60 ಲಕ್ಷ ಇತ್ತು. ಹಾಗಾಗಿ 69 ಲಕ್ಷ ಇರಬೇಕಾದ ಡ್ರಾಯಿಂಗ್ ಪವರ್ 57ಕ್ಕೆ ಇಳಿಯಿತು. ನಾವು ಆಗಲೇ 60ರ ಮೇಲೆ ತೆಗೆದಿದ್ದೆವು. ಕಬ್ಬಿಣದ ವ್ಯಾಪಾರಿಗೆ ಕೊಟ್ಟಿದ್ದ ಎರಡೂವರೆ ಲಕ್ಷದ ಚೆಕ್ ವಾಪಸಾಯಿತು. ಬ್ಯಾಂಕ್ ಶುಲ್ಕ ಐದಾರು ನೂರು ರೂಪಾಯಿ, ಅದು ಹೋಗಲಿ. ನಲವತ್ತೈದು ದಿನದ ಉದ್ದರಿ ಕೊಡುತ್ತಿದ್ದ ವ್ಯಾಪಾರಿ ಎರಡು ತಿಂಗಳು ರೊಕ್ಕ ಎಣಿಸಿದ ಮೇಲೆಯೇ ಮಾಲು ಇಳಿಸಿದ. ಆ ಎರಡು ತಿಂಗಳು ಸಂಬಳದ ದಿನ ಹೇಗೆ ಕಳೆಯಿತೆಂದು ನನಗೆ ಗೊತ್ತು.

ತಪ್ಪು ಫೈಲಿಗೆ ಹೊಸ ತಾರೀಕು ಬಂದದ್ದು ಹೇಗೆ ಎಂದು ಹುಡುಕಿದಾಗ ಸಿಕ್ಕಿದ ಕಾರಣವೇ ಈ ಬರಹದ ಜೀವ. ಸ್ಟೋರ್ಸಿನವರು ಅದನ್ನು ಬರೀ ನೋಡಲು ತೆರೆದಿದ್ದರು. ಮುಚ್ಚುವಾಗ ಎಕ್ಸೆಲ್ "ಉಳಿಸಬೇಕೇ?" ಎಂದು ಕೇಳಿತು, ಅವರು ಹೌದು ಎಂದರು. ಏನೂ ಬದಲಾಯಿಸದಿದ್ದರೂ ಅದು ಕೇಳಿದ್ದೇಕೆ? ಬಾಕಿ ಎಷ್ಟು ದಿನದ್ದು ಎಂದು ಲೆಕ್ಕ ಹಾಕಲು ನಾನೇ `TODAY()` ಬಳಸಿದ್ದೆ. ಅದು ತೆರೆದಾಗಲೆಲ್ಲ ಮತ್ತೆ ಲೆಕ್ಕ ಹಾಕುತ್ತದೆ, ಹಾಗಾಗಿ ಫೈಲು ಬದಲಾಗಿದೆ ಎಂದೇ ಎಕ್ಸೆಲ್ ತಿಳಿಯುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು: ಆಗಸ್ಟ್ 31ಕ್ಕೆ ಎಂಬತ್ತು ದಿನದ್ದಾಗಿದ್ದ ಬಿಲ್ಲು, ಅದೇ ಫೈಲನ್ನು ಸೆಪ್ಟೆಂಬರ್ ಕೊನೆಗೆ ತೆರೆದರೆ ತೊಂಬತ್ತು ದಾಟಿ ಲೆಕ್ಕದಿಂದ ಹೊರಗೆ ಬಿದ್ದಿರುತ್ತದೆ. ಒಪ್ಪಿಗೆಯಾದ ಫೈಲಿನೊಳಗಿನ ಅಂಕಿ ತಾನಾಗಿ ಕದಲುತ್ತಿದ್ದರೆ ಹೆಸರಿಗೆ ಎಷ್ಟು ಶಿಸ್ತು ತಂದರೂ ಪ್ರಯೋಜನವಿಲ್ಲ. ಈಗ ತಿಂಗಳ ಕೊನೆಯ ತಾರೀಕನ್ನು ಒಂದು ಕೋಶದಲ್ಲಿ ಕೈಯಾರೆ ಬರೆಯುತ್ತೇನೆ:

```
=TODAY()-C7     (ಹಳೆಯದು)
=$B$2-C7        (ಈಗಿನದು; B2 = 31-08-2024)
```

ಇದಾದ ಮೇಲೆ ಹೆಸರಿನ ಕೆಲಸಕ್ಕೆ ಕೈ ಹಾಕಿದೆ. ಈಗ ಹೀಗಿದೆ:

```
FY2024-25\2024-08\
  1_KACHA\  2024-08_STOCK_v01.xlsx ... v04.xlsx
  2_OK\     2024-08_STOCK_v04_OK.pdf
            2024-08_STOCK_v04_OK.xlsx
  3_RADDU\
```

ತಿಂಗಳೆಂದರೆ ಅಂಕಿಗಳ ತಿಂಗಳು, ಕಳುಹಿಸಿದ ತಿಂಗಳಲ್ಲ. ಆಗಸ್ಟಿನದ್ದನ್ನು ನಾವು ಸೆಪ್ಟೆಂಬರಿನಲ್ಲಿ ಮಾಡುತ್ತೇವೆ; ಹಿಂದೆ ಅರ್ಧ ಜಗಳ ಅಲ್ಲೇ ಹುಟ್ಟುತ್ತಿತ್ತು. ಫೋಲ್ಡರಿಗೆ `FY` ಸೇರಿಸಿದ್ದಕ್ಕೂ ಕಾರಣವಿದೆ. ಹಳೆಯ ಕಂಪ್ಯೂಟರಿನಲ್ಲಿ `2011-12` ಎಂಬ ಫೋಲ್ಡರ್ ಸಿಕ್ಕಿತು. ಅದು 2011ರ ಡಿಸೆಂಬರೋ ಇಡೀ ಹಣಕಾಸು ವರ್ಷವೋ ಎಂದು ಒಳಗೆ ಇಣುಕದೆ ಹೇಳಲಾಗಲಿಲ್ಲ.

ಮೊದಲ ಪ್ರಯತ್ನದಲ್ಲಿ ಒಪ್ಪಿಗೆಯಾದ ಪ್ರತಿಯಿಂದ `v04` ತೆಗೆದು ಬರೀ `OK` ಇಟ್ಟೆ. ನೋಡಲು ಚೆನ್ನಾಗಿತ್ತು, ಆದರೆ ಸೋತಿತು. ಎಕ್ಸೆಲ್ ಪುಟದ ಅಡಿಯಲ್ಲಿ `&[File]` ಹಾಕಿ ಫೈಲಿನ ಹೆಸರು ಮುದ್ರಣವಾಗುವಂತೆ ಮಾಡಿದ್ದೆ. ಯಜಮಾನರು ಸಹಿ ಹಾಕಿದ ಹಾಳೆಯ ಅಡಿಯಲ್ಲಿ `v04` ಎಂದಿದೆ, ಕಂಪ್ಯೂಟರಿನ ಪ್ರತಿಯಲ್ಲಿ ಆ ಸಂಖ್ಯೆಯೇ ಇಲ್ಲ. ಎರಡೂ ಒಂದೇ ಎಂದು ತೋರಿಸುವುದು ಹೇಗೆ? ಅಂದಿನಿಂದ ಸಂಖ್ಯೆಯನ್ನು ಮುಟ್ಟುವುದಿಲ್ಲ. ಸಹಿಯಾದ ಮೇಲೆ ಹಿಂದೆ `_OK` ಅಂಟಿಸುತ್ತೇನೆ, ಅಷ್ಟೇ. ಯಜಮಾನರು ಮೊಬೈಲಿನಲ್ಲಿ ನೋಡುವಾಗ ವಾಟ್ಸಾಪ್ ಅದನ್ನು `DOC-20240909-WA0007` ಎಂಬ ಹೆಸರಿನಲ್ಲಿ ಉಳಿಸಿಕೊಂಡರೂ ಪುಟದ ಅಡಿಯ ಸಾಲು ನಿಜ ಹೇಳುತ್ತದೆ.

ಇನ್ನೊಂದು ಪೆಟ್ಟು ಲಿಂಕಿನಿಂದ ಬಿತ್ತು. ಸೆಪ್ಟೆಂಬರಿನ ಆರಂಭದ ಸ್ಟಾಕ್ ಆಗಸ್ಟಿನ ಫೈಲಿನಿಂದ ತಾನಾಗಿ ಬರುವಂತೆ ಜೋಡಿಸಿದ್ದೆ. ಆ ಜೋಡಣೆ `v02` ಇದ್ದಾಗ ಮಾಡಿದ್ದು. ಒಪ್ಪಿಗೆ `v04`ಗೆ ಸಿಕ್ಕಿದರೂ `v02` ಅಲ್ಲೇ ಬಿದ್ದಿದ್ದರಿಂದ ಎಕ್ಸೆಲ್ ಒಂದು ಎಚ್ಚರಿಕೆಯನ್ನೂ ಕೊಡದೆ ಹಳೆಯ ಅಂಕಿಯನ್ನೇ ಎಳೆದುಕೊಂಡಿತು. ಫೈಲು ಕಾಣೆಯಾಗಿದ್ದರಾದರೂ ಗೊತ್ತಾಗುತ್ತಿತ್ತು. ಈಗ ಲಿಂಕ್ ಇಲ್ಲ. `2_OK` ಪ್ರತಿಯಿಂದ ಅಂಕಿಯನ್ನಷ್ಟೇ ಅಂಟಿಸಿ, ಪಕ್ಕದ ಕೋಶದಲ್ಲಿ ಯಾವ ಫೈಲಿನಿಂದ ತಂದೆ ಎಂದು ಬರೆಯುತ್ತೇನೆ.

ನಡುವೆ ಕನ್ನಡದಲ್ಲೇ ಹೆಸರಿಡುವ ಆಸೆಯಾಗಿ ಒಂದು ತಿಂಗಳು ಪ್ರಯತ್ನಿಸಿದೆ. ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚಿಸಿದರೆ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡಿತು. ಯೂನಿಕೋಡಿನಲ್ಲಿ ಚೆನ್ನಾಗಿಯೇ ಬಂತು, ಆದರೆ ತಿಂಗಳುಗಳು ಅಕ್ಟೋಬರ್, ಆಗಸ್ಟ್, ಏಪ್ರಿಲ್ ಎಂಬ ಸಾಲಿನಲ್ಲಿ ನಿಂತವು. ಅಂಕಿಗೇ ಮರಳಿದೆ. ಫೋಲ್ಡರಿನ ಹೆಸರಲ್ಲಿ ಮಾತ್ರ ಕಚ್ಚಾ, ರದ್ದು ಎಂಬ ನಮ್ಮ ಮಾತು ಉಳಿಸಿಕೊಂಡಿದ್ದೇನೆ. ಸ್ಟೋರ್ಸಿನವರಿಗೆ `Draft` ಎನ್ನುವುದಕ್ಕಿಂತ ಅದು ಬೇಗ ಹತ್ತಿತು.

`2_OK`ಗೆ ಬಿದ್ದ ಫೈಲುಗಳಿಗೆ ಓದಲು ಮಾತ್ರ ಎಂಬ ಗುರುತು ಹಾಕುತ್ತೇನೆ:

```
attrib +R 2_OK\*.*
```

ಬೇಕೆಂದು ತಿದ್ದುವವರನ್ನು ಇದು ತಡೆಯುವುದಿಲ್ಲ. ಕೈತಪ್ಪಿ ಉಳಿಸುವುದನ್ನು ತಡೆಯುತ್ತದೆ, ನಮಗೆ ಬೇಕಾದದ್ದೂ ಅದೇ. ಒಂದು ತಿಂಗಳಿಗೆ ಎರಡು `OK` ಸಂಖ್ಯೆ ಬಿದ್ದರೆ ನನ್ನ ಪಟ್ಟಿಯ ಸಾಲು ಕೆಂಪಾಗುವ ಏರ್ಪಾಡೂ ಇದೆ. ಅದನ್ನು ಕಟ್ಟಲು ಮೂರು ಭಾನುವಾರ ಹೋಗಿದೆ, ಅದು ನನ್ನ ಬಳಿಯೇ ಇರಲಿ.

ಒಪ್ಪಿಗೆಯ ನಂತರವೂ ತಿದ್ದುಪಡಿ ಬರುತ್ತದೆ. 2024ರ ಅಕ್ಟೋಬರ್ ಲೆಕ್ಕ ಕಳುಹಿಸಿದ ಮೇಲೆ ಒಬ್ಬ ಗ್ರಾಹಕರು ಸುಮಾರು ಮೂರು ಲಕ್ಷದ ಮಾಲು ಹಿಂತಿರುಗಿಸಿದ್ದು ಬಿಟ್ಟುಹೋಗಿದೆ ಎಂದು ತಿಳಿಯಿತು. `v03_OK` ತೆರೆದು ತಿದ್ದಲಿಲ್ಲ. ಅದರ ಪ್ರತಿಯಿಂದ `v04` ಮಾಡಿ, ಮತ್ತೆ ಸಹಿ ಹಾಕಿಸಿ, ಹಳೆಯದನ್ನು `3_RADDU`ಗೆ ಸಾಗಿಸಿ, ಬ್ಯಾಂಕಿಗೆ ಪತ್ರದೊಂದಿಗೆ ಹೊಸದನ್ನು ಕಳುಹಿಸಿದೆ. ಅಳಿಸುವಂತಿಲ್ಲ, ಬ್ಯಾಂಕಿನ ಕೈಗೆ ಮೊದಲು ಹೋದದ್ದು ಯಾವುದೆಂದು ಕೇಳಿದರೆ ತೋರಿಸಬೇಕು.

ಸಾಫ್ಟ್‌ವೇರಿಗೆ ವರ್ಷಕ್ಕೆ ನಲವತ್ತು ಸಾವಿರದ ಆಸುಪಾಸು ಹೇಳಿದ್ದರು. ನನಗೆ ಖರ್ಚಾದದ್ದು ಅರವತ್ತು ರೂಪಾಯಿಯ ಒಂದು ರಿಜಿಸ್ಟರ್ ಪುಸ್ತಕಕ್ಕೆ. 2022ರ ಅಕ್ಟೋಬರಿನಿಂದ ಇಂದಿನವರೆಗೆ ತಪ್ಪು ಪ್ರತಿ ಒಂದೂ ಬ್ಯಾಂಕಿಗೆ ಹೋಗಿಲ್ಲ. ಒಂದೇ ತೊಡಕು, ಇಬ್ಬರು ಒಂದೇ ದಿನ ಕೂತರೆ ಇಬ್ಬರೂ `v03` ಮಾಡಿಬಿಡುತ್ತಾರೆ. ಅದಕ್ಕೇ ಆ ರಿಜಿಸ್ಟರ್: ಮೊದಲು ಪುಸ್ತಕದಲ್ಲಿ ಮುಂದಿನ ಸಂಖ್ಯೆ ಬರೆದು ಚಿಕ್ಕ ಸಹಿ ಹಾಕಬೇಕು, ಆಮೇಲೆಯೇ ಫೈಲಿಗೆ ಆ ಸಂಖ್ಯೆ. ಪುಸ್ತಕ ನನ್ನ ಮೇಜಿನ ಎಡಗಡೆ, ದಾರದಲ್ಲಿ ಕಟ್ಟಿದ ಪೆನ್ನಿನ ಜೊತೆ ಇರುತ್ತದೆ.