ಮಲಕ್ಕಾ ಜಲಸಂಧಿಯಲ್ಲಿ ಮೂರೂವರೆ ಮೀಟರ್ ನೀರಿನ ಲೆಕ್ಕ

ಮಲಕ್ಕಾ ಜಲಸಂಧಿ ಅಂದರೆ ಎಲ್ಲರೂ ಅಗಲದ ಬಗ್ಗೆಯೇ ಮಾತಾಡುತ್ತಾರೆ. ಸಿಂಗಪುರದ ಹತ್ತಿರ ಫಿಲಿಪ್ ಚಾನೆಲ್‌ನಲ್ಲಿ ಅದು ಮೂರು ಕಿಲೋಮೀಟರಿಗೂ ಕಿರಿದಾಗುತ್ತದೆ, ನಿಜ. ಆದರೆ ಪರ್ಷಿಯನ್ ಕೊಲ್ಲಿಯಿಂದ ಕಚ್ಚಾ ತೈಲ ತುಂಬಿಕೊಂಡು ಪೂರ್ವಕ್ಕೆ ಹೋಗುವ ದೊಡ್ಡ ಟ್ಯಾಂಕರ್‌ನಲ್ಲಿ ಸೆಕೆಂಡ್ ಆಫೀಸರ್ ಆಗಿ ನಾನು ತಲೆ ಕೆಡಿಸಿಕೊಳ್ಳುತ್ತಿದ್ದದ್ದು ಆಳದ ಬಗ್ಗೆ. ದಾರಿಯ ಪ್ಲಾನ್ ಹಾಕುವುದು ನನ್ನ ಕೆಲಸ. ಆ ಪ್ಲಾನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಹೋಗುತ್ತಿದ್ದದ್ದು ಒಂದೇ ಪ್ರಶ್ನೆಗೆ: ಹಡಗಿನ ತಳದ ಕೆಳಗೆ ಎಷ್ಟು ನೀರು ಉಳಿಯುತ್ತದೆ?

ಇಲ್ಲಿ ನಿಯಮ ಖಚಿತವಾಗಿದೆ. ಹಡಗಿನ ತಳ ನೀರಿನ ಮಟ್ಟದಿಂದ ಎಷ್ಟು ಕೆಳಗಿದೆ ಅನ್ನುವುದಕ್ಕೆ ನಾವು ಡ್ರಾಫ್ಟ್ ಅನ್ನುತ್ತೇವೆ. 15 ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಡ್ರಾಫ್ಟ್ ಇರುವ ಹಡಗು, ಅಥವಾ ಒಂದೂವರೆ ಲಕ್ಷ ಟನ್ ಮೇಲ್ಪಟ್ಟ ಟ್ಯಾಂಕರ್, ಜಲಸಂಧಿ ದಾಟಿ ಮುಗಿಸುವವರೆಗೂ ತಳದ ಕೆಳಗೆ ಕನಿಷ್ಠ 3.5 ಮೀಟರ್ ನೀರು ಇಟ್ಟುಕೊಳ್ಳಬೇಕು. 1975ರ ಜನವರಿಯಲ್ಲಿ ಶೋವಾ ಮಾರು ಎಂಬ ಜಪಾನಿನ ಟ್ಯಾಂಕರ್ ಸಿಂಗಪುರ ಜಲಸಂಧಿಯಲ್ಲಿ ನೆಲಕ್ಕೆ ತಾಗಿ ತೈಲ ಸೋರಿತು. ಇಂಡೋನೇಷ್ಯಾ, ಮಲೇಷ್ಯಾ, ಸಿಂಗಪುರ ಮೂರೂ ಸೇರಿ ಪಟ್ಟು ಹಿಡಿದವು. 1977ರಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಈ ನಿಯಮವನ್ನು ಒಪ್ಪಿತು.

ಲೆಕ್ಕ ಹೇಗೆ ಅಂತ ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ಹಡಗಿನ ಡ್ರಾಫ್ಟ್ 20.5 ಮೀಟರ್. ಚಾರ್ಟ್‌ನಲ್ಲಿ 23 ಮೀಟರ್ ಆಳ ಅಂತ ಬರೆದಿರುವ ಜಾಗ ದಾಟಬೇಕು. ನಿಂತ ಹಡಗಿಗಾದರೆ ಎರಡೂವರೆ ಮೀಟರ್ ನೀರು ಉಳಿಯುತ್ತದೆ. ಆದರೆ ಓಡುವ ಹಡಗು ನೀರಿನಲ್ಲಿ ಇನ್ನಷ್ಟು ಕುಸಿಯುತ್ತದೆ. ತಳದ ಕೆಳಗೆ ನೀರು ಜೋರಾಗಿ ಹಿಂದಕ್ಕೆ ಹರಿದಾಗ ಅಲ್ಲಿ ಒತ್ತಡ ಕಡಿಮೆಯಾಗಿ ಹಡಗು ಕೆಳಕ್ಕೆ ಎಳೆದುಕೊಳ್ಳುತ್ತದೆ. ಇದಕ್ಕೆ ನಾವು ಸ್ಕ್ವಾಟ್ ಅನ್ನುತ್ತೇವೆ. ಇಕ್ಕಟ್ಟಿಲ್ಲದ ನೀರಿಗೆ ಬ್ರಿಡ್ಜ್‌ನಲ್ಲಿ ಬಳಸುವ ಸರಳ ಸೂತ್ರ ಇದು: ನಾಟ್‌ಗಳಲ್ಲಿ ವೇಗ ತಗೊಂಡು ಅದರ ವರ್ಗ ಮಾಡಿ, ಹಡಗಿನ ಬ್ಲಾಕ್ ಕೋಎಫಿಶಿಯೆಂಟ್‌ನಿಂದ ಗುಣಿಸಿ, 100ರಿಂದ ಭಾಗಿಸಿ. ಉತ್ತರ ಮೀಟರ್‌ಗಳಲ್ಲಿ ಬರುತ್ತದೆ. ಬ್ಲಾಕ್ ಕೋಎಫಿಶಿಯೆಂಟ್ ಅಂದರೆ ನೀರಿನೊಳಗಿರುವ ಹಡಗಿನ ಭಾಗ ಅಷ್ಟೇ ಉದ್ದ, ಅಗಲ, ಆಳದ ಪೆಟ್ಟಿಗೆಯಲ್ಲಿ ಎಷ್ಟು ಪಾಲು ತುಂಬುತ್ತದೆ ಅನ್ನುವ ಅಂಕಿ. ನಮ್ಮಂಥ ತುಂಬು ಹೊಟ್ಟೆಯ ಟ್ಯಾಂಕರ್‌ಗೆ ಆ ಅಂಕಿ 0.83ರ ಆಸುಪಾಸು. 12 ನಾಟ್‌ಗೆ 1.2 ಮೀಟರ್ ಸ್ಕ್ವಾಟ್.

ಈಗ ಕೂಡಿಸಿ. 20.5, 1.2, ಮತ್ತೆ ನಿಯಮದ 3.5. ಒಟ್ಟು 25.2 ಮೀಟರ್ ನೀರು ಬೇಕು. ಚಾರ್ಟ್‌ನಲ್ಲಿರುವುದು 23. ಉಳಿದ 2.2 ಮೀಟರ್ ಉಬ್ಬರದಿಂದ ಬರಬೇಕು. ಉಬ್ಬರ ಇಲ್ಲದ ಹೊತ್ತಿನಲ್ಲಿ ಆ ಜಾಗ ಈ ಹಡಗಿಗೆ ಮುಚ್ಚಿದ ಬಾಗಿಲು.

ವೇಗ ಇಳಿಸಿದರೆ ಸ್ಕ್ವಾಟ್ ಇಳಿಯುತ್ತದೆ, ಅಲ್ವಾ? ಇಳಿಯುತ್ತದೆ. 10 ನಾಟ್‌ಗೆ ಸುಮಾರು 80 ಸೆಂಟಿಮೀಟರ್ ಸಾಕು. ಆದರೆ ಅಡ್ಡ ಪ್ರವಾಹ ಇರುವ ಕಡೆ ತೀರಾ ನಿಧಾನಕ್ಕೆ ಹೋದರೆ 330 ಮೀಟರ್ ಉದ್ದದ ಹಡಗು ಚುಕ್ಕಾಣಿಯ ಮಾತು ಕೇಳುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಹೊಸಬರಿಗೆ ನಾನು ತಪ್ಪದೆ ಹೇಳುತ್ತೇನೆ. ಇಂಥ ಹಡಗುಗಳಿಗೆ ಇಲ್ಲಿನ ಕೆಲವು ಭಾಗಗಳಲ್ಲಿ 12 ನಾಟ್ ಮೀರಬೇಡಿ ಅಂತ ಸಲಹೆ ಇದೆ. ಅದು ಕಡಲ ನೆಲಕ್ಕೆ ಹೋಲಿಸಿದ ವೇಗ, ಜಿಪಿಎಸ್ ತೋರಿಸುವಂಥದ್ದು. ಸ್ಕ್ವಾಟ್ ಆಗುವುದು ನೀರಿನಲ್ಲಿನ ವೇಗಕ್ಕೆ. ಎದುರಿಂದ 2 ನಾಟ್ ಪ್ರವಾಹ ಇದ್ದರೆ ಜಿಪಿಎಸ್ 12 ತೋರಿಸುವಾಗ ಹಡಗು ನೀರಿನಲ್ಲಿ 14ರಲ್ಲಿ ಓಡುತ್ತಿರುತ್ತದೆ. ಆಗ ಸ್ಕ್ವಾಟ್ 1.6 ಮೀಟರ್. ಸಲಹೆ ಪಾಲಿಸಿದ ಹಾಗೇ ಇರುತ್ತದೆ, ತಳದ ಕೆಳಗೆ 40 ಸೆಂಟಿಮೀಟರ್ ಕಮ್ಮಿಯಾಗಿರುತ್ತದೆ.

ತಿರುವಿನಲ್ಲಿ ಹಡಗು ವಾಲುವುದನ್ನೂ ಸೇರಿಸಬೇಕು. 60 ಮೀಟರ್ ಅಗಲದ ಹಡಗು ಒಂದೇ ಒಂದು ಡಿಗ್ರಿ ವಾಲಿದರೆ ಒಂದು ಬದಿಯ ತಳ ಅರ್ಧ ಮೀಟರ್ ಕೆಳಗೆ ಹೋಗುತ್ತದೆ. ಅದಕ್ಕೇ ತಿರುವುಗಳನ್ನು ಸಣ್ಣ ಸಣ್ಣ ಚುಕ್ಕಾಣಿಯಲ್ಲಿ ತೆಗೆದುಕೊಳ್ಳುತ್ತೇವೆ.

ನಿಜವಾದ ತಲೆನೋವು ಇದಲ್ಲ. ಆಳ ಕಡಿಮೆ ಇರುವ ಜಾಗ ಒಂದೇ ಆಗಿದ್ದರೆ ಉಬ್ಬರಕ್ಕೆ ಕಾದು ದಾಟಬಹುದಿತ್ತು. ಇಲ್ಲಿ ಮುಖ್ಯವಾಗಿ ಎರಡು ಕಡೆ ಇವೆ. ಒಂದು ಮಲೇಷ್ಯಾದ ಪೋರ್ಟ್ ಕ್ಲಾಂಗ್ ಹತ್ತಿರ ನೀರಿನಡಿಯ ದಿಬ್ಬವಾದ ಒನ್ ಫ್ಯಾದಮ್ ಬ್ಯಾಂಕ್. ಅಲ್ಲಿ ತಳದ ಮರಳು ಅಲೆಯಲೆಯಾಗಿ ಜಾಗ ಬದಲಿಸುತ್ತದೆ, ಹಾಗಾಗಿ ಹಳೆಯ ಸರ್ವೆಯನ್ನು ನಾನು ನಂಬುವುದಿಲ್ಲ. ಇನ್ನೊಂದು ಸಿಂಗಪುರ ಜಲಸಂಧಿಯಲ್ಲಿ ಆಳಕ್ಕೆ ಕೂತ ಹಡಗುಗಳಿಗೆಂದೇ ಗೊತ್ತುಮಾಡಿದ ದಾರಿ, ಡೀಪ್ ವಾಟರ್ ರೂಟ್. ಎರಡರ ನಡುವೆ ಸುಮಾರು 200 ನಾಟಿಕಲ್ ಮೈಲಿ. 12 ನಾಟ್‌ನಲ್ಲಿ ಹದಿನೇಳು ಗಂಟೆಯ ಹಾದಿ. ಎರಡೂ ಕಡೆಯ ಉಬ್ಬರದ ಹೊತ್ತು ಬೇರೆ ಬೇರೆ, ಎತ್ತರವೂ ಬೇರೆ. ಮೊದಲ ಕಡೆ ಒಳ್ಳೆಯ ಉಬ್ಬರ ಹಿಡಿದು ಹೊರಟರೆ ಎರಡನೇ ಕಡೆ ಇಳಿತಕ್ಕೆ ಸಿಕ್ಕಿಕೊಳ್ಳಬಹುದು.

ಹಾಗಾಗಿ ನಾನು ಲೆಕ್ಕವನ್ನು ಹಿಂದಿನಿಂದ ಹಾಕುತ್ತೇನೆ. ಮೊದಲು ಸಿಂಗಪುರದಲ್ಲಿ ಬೇಕಾದಷ್ಟು ನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಇದೆ ಅಂತ ಗುರುತು ಮಾಡುತ್ತೇನೆ. ಅಲ್ಲಿಂದ ಹಿಂದಕ್ಕೆ ಬಂದು ಒನ್ ಫ್ಯಾದಮ್ ಬ್ಯಾಂಕ್ ಎಷ್ಟು ಹೊತ್ತಿಗೆ ದಾಟಿರಬೇಕು ಅಂತ ನೋಡುತ್ತೇನೆ. ಆ ಹೊತ್ತಿಗೆ ಅಲ್ಲಿಯೂ ನೀರಿದ್ದರೆ ಸರಿ. ಇಲ್ಲದಿದ್ದರೆ ನಡುವಿನ ವೇಗ ಬದಲಿಸಿ ಮತ್ತೆ ಲೆಕ್ಕ. ಕೊನೆಗೆ ಕ್ಯಾಪ್ಟನ್‌ಗೆ ಕೊಡುವುದು ಒಂದೇ ಹೊತ್ತು: ಇಷ್ಟು ಗಂಟೆಗೆ ಬ್ಯಾಂಕ್‌ಗೆ ಬರಬೇಕು, ಮುಂಚೆಯೂ ಬೇಡ, ತಡವೂ ಬೇಡ. ಕಾಯುವುದಿದ್ದರೆ ಗ್ರೇಟ್ ನಿಕೋಬಾರ್ ಮತ್ತು ಸುಮಾತ್ರಾ ನಡುವಿನ ವಿಶಾಲ ನೀರಿನಲ್ಲೇ ವೇಗ ಇಳಿಸಿಕೊಳ್ಳಬೇಕು. ಒಳಗೆ ಬಂದ ಮೇಲೆ, ಹಿಂದೆ ಮುಂದೆ ಹಡಗುಗಳಿರುವಾಗ ಇಷ್ಟು ದೊಡ್ಡದನ್ನು ಸುಮ್ನೆ ನಿಲ್ಲಿಸಲು ಆಗುವುದಿಲ್ಲ.

ದಾಟುವಾಗ ಲೆಕ್ಕ ಸರಿಯಿದೆಯಾ ಅಂತ ಹಡಗೇ ಹೇಳುತ್ತದೆ. ಎಂಜಿನ್ ಆರ್‌ಪಿಎಂ ಅಷ್ಟೇ ಇದ್ದು ವೇಗ ಬಿದ್ದರೆ, ಹಡಗು ನಡುಗಲು ಶುರುವಾದರೆ, ಚುಕ್ಕಾಣಿಗೆ ಜವಾಬು ತಡವಾದರೆ ತಳ ಹತ್ತಿರ ಬಂದಿದೆ ಅಂತ ಅರ್ಥ. ಆಗ ಮೊದಲ ಕೆಲಸ ವೇಗ ಇಳಿಸುವುದು. ಎಕೋ ಸೌಂಡರ್ ಅಂಕಿಯನ್ನು ನನ್ನ ಪಟ್ಟಿಯ ಅಂಕಿಯ ಪಕ್ಕ ಬರೆಯುತ್ತಾ ಹೋಗುತ್ತೇನೆ. ಆದರೆ ಅದು ತೋರಿಸುವುದು ಈಗ ಕೆಳಗಿರುವ ನೀರನ್ನು, ಮುಂದಿರುವುದನ್ನಲ್ಲ.

ಈ ಲೆಕ್ಕ ಹಡಗಿನ ಮೇಲೆ ಮುಗಿಯುವುದಿಲ್ಲ. ಕೊಲ್ಲಿಯ ಬಂದರಿನಲ್ಲಿ ಎಷ್ಟು ತೈಲ ತುಂಬಬೇಕು ಅನ್ನುವುದನ್ನೂ ಇದೇ ನಿರ್ಧರಿಸುತ್ತದೆ. ಇಂಥ ಹಡಗಿಗೆ ಒಂದು ಸೆಂಟಿಮೀಟರ್ ಡ್ರಾಫ್ಟ್ ಅಂದರೆ ಸುಮಾರು 165 ಟನ್. ಇನ್ನೂ ಜಾಸ್ತಿ ತುಂಬಿ ಆಳಕ್ಕೆ ಕೂತ ಹಡಗು ಲೊಂಬೊಕ್ ಜಲಸಂಧಿಯ ಕಡೆ ಸುತ್ತಬೇಕು. ಮ್ಯಾಪ್‌ನಲ್ಲಿ ಸುಂಡಾ ಜಲಸಂಧಿ ಇನ್ನೂ ಹತ್ತಿರದ ದಾರಿಯಾಗಿ ಕಾಣುತ್ತದೆ, ಆದರೆ ಅದರ ಪೂರ್ವ ತುದಿಯಲ್ಲಿ ಆಳ 20 ಮೀಟರ್ ಆಸುಪಾಸು ಮಾತ್ರ. ನಮ್ಮ ಕೆಲಸಕ್ಕೆ ಬರುವುದಿಲ್ಲ.

2003ರಲ್ಲಿ ಚೀನಾದ ಅಧ್ಯಕ್ಷ ಹು ಜಿಂಟಾವೊ ತಮ್ಮ ದೇಶದ ತೈಲ ಈ ಒಂದೇ ಜಲಸಂಧಿಯನ್ನು ನೆಚ್ಚಿಕೊಂಡಿದೆ ಅಂತ ಚಿಂತೆ ತೋಡಿಕೊಂಡ ಮೇಲೆ ಮ್ಯಾನ್ಮಾರ್‌ನ ಚೌಕ್‌ಪ್ಯೂದಿಂದ ಕುನ್ಮಿಂಗ್‌ಗೆ ಪೈಪ್‌ಲೈನ್ ಬಂತು. ಅದರ ಸಾಮರ್ಥ್ಯ ವರ್ಷಕ್ಕೆ 2.2 ಕೋಟಿ ಟನ್. ನಮ್ಮಂಥ ಹಡಗುಗಳ ಲೆಕ್ಕದಲ್ಲಿ ಅದು ನಾಲ್ಕೈದು ದಿನಕ್ಕೊಂದು ಹಡಗು. ಚೀನಾ ತರಿಸಿಕೊಳ್ಳುವ ಕಚ್ಚಾ ತೈಲವೋ ವರ್ಷಕ್ಕೆ 50 ಕೋಟಿ ಟನ್‌ಗೂ ಜಾಸ್ತಿ.

ಲೊಂಬೊಕ್ ಬಳಸಿದರೆ ಜಪಾನ್ ಹಾದಿಗೆ ಮೂರು ದಿನ ಜಾಸ್ತಿ, ಹೋಗಿ ಬರಲು ಆರು. ಒಂದು ಸುತ್ತಿಗೆ ಆರು ವಾರ ಹಿಡಿಯುತ್ತದೆ ಅಂದುಕೊಂಡರೆ, ಏಳು ಹಡಗು ಮಾಡುತ್ತಿದ್ದ ಕೆಲಸಕ್ಕೆ ಎಂಟು ಬೇಕು. ಬಾಡಿಗೆ ಏರುತ್ತದೆ, ಆದರೆ ತೈಲ ನಿಲ್ಲುವುದಿಲ್ಲ. ಹೊರ್ಮುಜ್‌ಗೆ ಇಂಥ ಸುತ್ತುದಾರಿ ಇಲ್ಲ. ಆದರೂ ಲೊಂಬೊಕ್ ಇರುವುದು ಇಂಡೋನೇಷ್ಯಾದ ದ್ವೀಪಗಳ ನಡುವೆಯೇ, ಮತ್ತು 2020ರ ಜುಲೈನಿಂದ ಅಲ್ಲಿಯೂ ಹೋಗುವ ಬರುವ ಹಡಗುಗಳಿಗೆ ಬೇರೆ ಬೇರೆ ಸಾಲು ಗೊತ್ತುಮಾಡಿದ್ದಾರೆ. ಮಲಕ್ಕಾ ತಪ್ಪಿಸಿ ಹೊರಟವರೂ ಇಂಡೋನೇಷ್ಯಾದ ಬಾಗಿಲಲ್ಲೇ ಹಾದು ಹೋಗಬೇಕು.